ಸಂಘದ ಜಮಾ-ಖರ್ಚಿನ ಬೇರೀಜು ನಂಬುವ ಮೊದಲು ಏನೇನು ನೋಡಬೇಕು?

ಗುಮ್ಮಟದ ನೆರಳು (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ನಿವಾಸಿಗಳ ಸಂಘದಲ್ಲಿ ಈ ಸಲ ಲೆಕ್ಕ ನೋಡುವ ಕೆಲಸ ನನಗೆ ಬಂದಿದೆ. ನಾನು ಜೀವಶಾಸ್ತ್ರ ಕಲಿಸುವವಳು. ಲೆಕ್ಕಪತ್ರಕ್ಕೂ ನನಗೂ ದೂರ. "ನೀವು ಓದಿದವರು, ಒಂದು ಸಲ ಕಣ್ಣಾಡಿಸಿ ಸಹಿ ಮಾಡಿ" ಅಂದರು. ಸುಮ್ನೆ ಸಹಿ ಹಾಕೋಕೆ ಮನಸ್ಸಿಲ್ಲ. ಖಜಾಂಚಿಯವರು ಒಳ್ಳೆಯ ಮನುಷ್ಯರು, ಅವರ ಮೇಲೆ ಸಂಶಯ ಇಲ್ಲ.

ಕೈಯಲ್ಲಿರುವುದು ಮೂರು ಪುಟದ ಪಿಡಿಎಫ್. ಮೊದಲ ಪುಟದಲ್ಲಿ ಅಡ್ಡರಸ್ತೆವಾರು ವಂತಿಗೆ, ಉಳಿದ ಎರಡರಲ್ಲಿ ಖರ್ಚು. ಕೊನೆಯಲ್ಲಿ ಹೀಗಿದೆ: ಆರಂಭಿಕ ಶಿಲ್ಕು 48,260. ವಂತಿಗೆ ಜಮಾ 2,04,000. ಖರ್ಚು 2,12,990. ಅಖೇರಿ ಶಿಲ್ಕು 39,270.

ಈ ನಾಲ್ಕನ್ನು ಕೂಡಿ ಕಳೆದು ನೋಡಿದೆ, ಸರಿ ಬರುತ್ತದೆ. ಇಷ್ಟು ಸಾಕಾ? ನನ್ನಂಥ ಹೊಸಬರು ಒಂದೊಂದಾಗಿ ಟಿಕ್ ಹಾಕುತ್ತ ಹೋಗುವಂಥ ಪಟ್ಟಿ ಯಾರಾದರೂ ಹೇಳಿ.

---

ಕುಂದಾ ಪ್ರಿಯ (ಬೆಳಗಾವಿ)

ಮೇಡಂ, ಅದು ಎಕ್ಸೆಲ್‌ನಲ್ಲಿ ಮಾಡಿ ಪಿಡಿಎಫ್ ತೆಗೆದಿದ್ದಾ? ಹಾಗಿದ್ದರೆ ಬೇರೀಜು ನೋಡುವ ಕೆಲಸವೇ ಇಲ್ಲ. ಕಂಪ್ಯೂಟರ್ ಕೂಡಿಸುವುದರಲ್ಲಿ ತಪ್ಪುವುದಿಲ್ಲ. ಕೈಬರಹದ ಕಾಲದಲ್ಲಿ ಅದೆಲ್ಲ ಬೇಕಿತ್ತು. ನೀವು ನೇರವಾಗಿ ವೋಚರ್ ತರಿಸಿ ನೋಡಿ. ದೊಡ್ಡ ದೊಡ್ಡ ಖರ್ಚಿನದು ಸಾಕು.

---

ಹಳೇ ಕೀರ್ದಿ (ಬಾಗಲಕೋಟೆ)

ಕುಂದಾ ಅವರೇ, ಕಂಪ್ಯೂಟರ್ ತಪ್ಪುವುದಿಲ್ಲ ನಿಜ. ಆದರೆ ಅದು ನೀವು ಹೇಳಿದ್ದನ್ನು ಮಾತ್ರ ಕೂಡಿಸುತ್ತದೆ. ನೀವು ಕೂಡಿಸಬೇಕು ಅಂದುಕೊಂಡದ್ದನ್ನಲ್ಲ. ಸಹಕಾರ ಸಂಘಗಳ ದಫ್ತರು ನೋಡುತ್ತಲೇ ನಾನು ನಿವೃತ್ತನಾದವನು. ಅಚ್ಚುಕಟ್ಟಾಗಿ ಟೈಪ್ ಮಾಡಿದ ಬೇರೀಜನ್ನು ಯಾರೂ ಮತ್ತೆ ಕೂಡಿಸುವುದಿಲ್ಲ. ತಪ್ಪು ಉಳಿಯುವುದು ಅಲ್ಲೇ.

ನೋಡವಾ ತಂಗಿ, ನೀನು ಕೂಡಿ ಕಳೆದದ್ದು ಕೊನೆಯ ನಾಲ್ಕು ಸಾಲು. ಒಳಗಿನ ಅಂಕಿ ತಪ್ಪಿದ್ದರೂ ಆ ನಾಲ್ಕು ಸಾಲು ಒಂದಕ್ಕೊಂದು ತಾಳೆ ಆಗುತ್ತವೆ. ಅದರಿಂದ ಏನೂ ಗೊತ್ತಾಗುವುದಿಲ್ಲ.

ಮೊದಲು ಕೂಡಿಸೋಕೆ ಕೂರಬೇಡ. ತಲೆಬರಹ ಓದು. ಯಾವ ದಿನದಿಂದ ಯಾವ ದಿನದವರೆಗೆ ಅಂತ ಇದೆಯಾ? ಅಂಕಿಗಳು ರೂಪಾಯಿಯಲ್ಲಾ, ಸಾವಿರದಲ್ಲಾ? ಸಣ್ಣ ಸಂಘದಲ್ಲಿ ರೂಪಾಯಿಯೇ ಇರುತ್ತದೆ, ಆದರೂ ನೋಡು. ಆಮೇಲೆ ಹೋದ ವರ್ಷದ ಪುಸ್ತಿಕೆ ತೆಗೆ. ಅದರ ಅಖೇರಿ ಶಿಲ್ಕು ಈ ವರ್ಷದ ಆರಂಭಿಕ ಶಿಲ್ಕು ಆಗಿರಬೇಕು. ಒಂದು ಪೈಸೆಯೂ ಆಚೀಚೆ ಇರಬಾರದು. ಅದನ್ನು ನೋಡಿ ಹೇಳು.

---

ಗುಮ್ಮಟದ ನೆರಳು

ಸರ್, ಏಪ್ರಿಲ್ 1ರಿಂದ ಮಾರ್ಚ್ 31 ಅಂತ ಇದೆ, ರೂಪಾಯಿಯಲ್ಲೇ ಇದೆ. ಆದರೆ ಹೋದ ವರ್ಷದ ಪುಸ್ತಿಕೆಯಲ್ಲಿ ಅಖೇರಿ ಶಿಲ್ಕು 48,760. ಈ ವರ್ಷ 48,260ರಿಂದ ಶುರುವಾಗಿದೆ. 500 ರೂಪಾಯಿ ಕಡಿಮೆ. ಮೊದಲ ಹೆಜ್ಜೆಯಲ್ಲೇ ಎಡವಟ್ಟಾ?

---

ಹಳೇ ಕೀರ್ದಿ

ಗಾಬರಿ ಬೇಡ. ಹಾಳೆಯ ಅಂಚಿನಲ್ಲಿ "ಆರಂಭಿಕ ಶಿಲ್ಕು, 500 ವ್ಯತ್ಯಾಸ" ಅಂತ ಬರೆದುಕೊಂಡು ಮುಂದೆ ಹೋಗು. ಮೊದಲ ವ್ಯತ್ಯಾಸದ ಬೆನ್ನು ಹತ್ತಿದರೆ ಉಳಿದ ಹಾಳೆ ನೋಡುವುದೇ ಆಗುವುದಿಲ್ಲ. ಹೊಸಬರು ಅಲ್ಲೇ ಸಿಕ್ಕಿಬೀಳುತ್ತಾರೆ.

ಈಗ ವಂತಿಗೆಯ ಪುಟ. ಅವರು ಬರೆದ ಬೇರೀಜಿನ ಮೇಲೆ ಒಂದು ಚೀಟಿ ಇಟ್ಟು ಮುಚ್ಚು. ಉತ್ತರ ಕಣ್ಣಿಗೆ ಕಾಣುತ್ತಿದ್ದರೆ ನಮ್ಮ ಲೆಕ್ಕ ಅದರ ಕಡೆಗೇ ವಾಲುತ್ತದೆ. ಪ್ರತಿ ಕಾಲಂ ಮೇಲಿಂದ ಕೆಳಗೆ ಒಂದು ಸಲ ಕೂಡಿಸು, ಕೆಳಗಿಂದ ಮೇಲೆ ಇನ್ನೊಂದು ಸಲ. ಆಮೇಲೆ ಅಡ್ಡ ಸಾಲುಗಳನ್ನು ಕೂಡಿಸು. ಅಡ್ಡ ಬೇರೀಜುಗಳ ಒಟ್ಟು ಮೊತ್ತವೂ ಉದ್ದ ಬೇರೀಜುಗಳ ಒಟ್ಟು ಮೊತ್ತವೂ ಒಂದೇ ಬರಬೇಕು. ಪಟ್ಟಿಯನ್ನು ಇಲ್ಲೂ ಹಾಕು.

---

ಗುಮ್ಮಟದ ನೆರಳು

ಪಟ್ಟಿ ಹೀಗಿದೆ ಸರ್. ಮೊದಲ ಅರ್ಧ ವರ್ಷ, ಎರಡನೇ ಅರ್ಧ ವರ್ಷ, ಒಟ್ಟು.

1ನೇ ಅಡ್ಡರಸ್ತೆ: 36,000 / 34,500 / 70,500
2ನೇ ಅಡ್ಡರಸ್ತೆ: 28,500 / 27,000 / 55,500
3ನೇ ಅಡ್ಡರಸ್ತೆ: 31,500 / 30,000 / 61,500
4ನೇ ಅಡ್ಡರಸ್ತೆ: 24,000 / 22,500 / 46,500
ಒಟ್ಟು: 1,20,000 / 84,000 / 2,04,000

ಅಡ್ಡ ಸಾಲು ನಾಲ್ಕೂ ಸರಿ ಇವೆ. ಮೊದಲ ಕಾಲಂ ಸರಿ. ಎರಡನೇ ಕಾಲಂ ನನಗೆ 1,14,000 ಬರುತ್ತಿದೆ, ಅವರದು 84,000. ಬಲಗಡೆಯ ನಾಲ್ಕು ಒಟ್ಟುಗಳನ್ನು ಕೂಡಿಸಿದರೆ 2,34,000. ಮೂರು ಸಲ ಮಾಡಿದೆ, ಅದೇ ಬಂತು.

---

ಕಬ್ಬಿನ ಗದ್ದೆ (ಜಮಖಂಡಿ ಕಡೆಯವನು)

ಬೇರೀಜಿನ ಮಾತು ಬಂತಲ್ಲ, ನನ್ನದೂ ಒಂದು ಹೇಳ್ತೀನಿ. ಹೋದ ಹಂಗಾಮಿನಲ್ಲಿ ಒಂದು ಕಾರ್ಖಾನೆಗೆ ಕಬ್ಬು ಕಳಿಸಿದ್ದೆ. ಮೂರು ಗಾಡಿ. ಚೀಟಿಯಲ್ಲಿ 14.250, 15.800, 13.950 ಟನ್. ಬಿಲ್ಲಿನಲ್ಲಿ ಒಟ್ಟು 44 ಟನ್. ಕೂಡಿಸಿದರೆ ಸರಿಯಾಗೇ ಇದೆ. ಆದರೂ ನನಗೆ ನಂಬಿಕೆ ಇಲ್ಲ. ಮೂರನೇ ಗಾಡಿ ಎರಡನೆಯದಕ್ಕಿಂತ ತುಂಬಿತ್ತು. ಈ ಒಟ್ಟು ನಂಬಬಹುದಾ?

---

ಹಳೇ ಕೀರ್ದಿ

ಅಣ್ಣಾರ, ನಿಮ್ಮ ಪ್ರಶ್ನೆ ಬೇರೆ. ನಿಮ್ಮ ಬಿಲ್ಲಿನ ಬೇರೀಜು ಸರಿ ಇದೆ. ಸಂಶಯ ಇರುವುದು ಬೇರೀಜಿನೊಳಗೆ ಹೋದ ಅಂಕಿಯ ಮೇಲೆ, ಅಂದರೆ ತೂಕದ ಮೇಲೆ. ಅದನ್ನು ಎಷ್ಟು ಸಲ ಕೂಡಿಸಿದರೂ ಗೊತ್ತಾಗುವುದಿಲ್ಲ. ಅದಕ್ಕೆ ವೇ ಬ್ರಿಡ್ಜ್ ಪರೀಕ್ಷೆ ಆಗಬೇಕು, ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬೇಕು. ಮುಂದಿನ ಹಂಗಾಮಿನಲ್ಲಿ ತುಂಬಿದ ಗಾಡಿಯನ್ನು ದಾರಿಯಲ್ಲಿ ಬೇರೆ ಕಡೆ ಒಮ್ಮೆ ತೂಗಿಸಿ ಚೀಟಿ ಇಟ್ಟುಕೊಳ್ಳಿ. ಖಾಲಿ ಗಾಡಿಯ ತೂಕವೂ ಆ ಚೀಟಿಯಲ್ಲಿ ಇರಲಿ.

---

ಕಬ್ಬಿನ ಗದ್ದೆ

ಆಯ್ತು ಕಾಕಾ. ಬೇರೆ ಕಡೆ ತೂಗಿಸಿದ ಗಾಡಿ ಒಳಗೆ ಬಿಡೋದಿಲ್ಲ ಅಂತಾರೆ, ಅದು ಬೇರೆ ಕಥೆ.

---

ಇಳಕಲ್ ಸೆರಗು (ಇಳಕಲ್)

ಅಕ್ಕಾ, ನಾನು ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನಿಮ್ಮ ಪಟ್ಟಿ ನೋಡಿದ ಕೂಡಲೇ ಒಂದು ಗುಮಾನಿ ಬಂತು. 1,14,000ದಲ್ಲಿ 84,000 ಕಳೆದರೆ 30,000. ಆ ಕಾಲಂನಲ್ಲಿ 30,000 ಅನ್ನುವ ಅಂಕಿಯೇ ಇದೆ, 3ನೇ ಅಡ್ಡರಸ್ತೆಯದು. ವ್ಯತ್ಯಾಸ ಬಂದಾಗ ಮೊದಲು ಅದೇ ಅಂಕಿ ಪಟ್ಟಿಯಲ್ಲಿ ಇದೆಯಾ ಅಂತ ಹುಡುಕಬೇಕು. ಇದ್ದರೆ ಬಹಳ ಮಟ್ಟಿಗೆ ಆ ಸಾಲು ಬಿಟ್ಟುಹೋಗಿದೆ, ಇಲ್ಲವೇ ಎರಡು ಸಲ ಸೇರಿದೆ.

ಆದರೆ 3ನೇ ರಸ್ತೆಯ ಅಡ್ಡ ಬೇರೀಜು 61,500 ಸರಿಯಾಗಿದೆ. ಅಲ್ಲಿ 30,000 ಸೇರಿದೆ, ಉದ್ದಕ್ಕೆ ಸೇರಿಲ್ಲ. ಹಾಗಿದ್ದರೆ ಆ ಅಂಕಿ ಎಕ್ಸೆಲ್‌ನಲ್ಲಿ ಅಂಕಿಯಾಗಿ ಕೂತಿಲ್ಲ, ಬರಹವಾಗಿ ಕೂತಿರಬಹುದು. ನೋಡೋಕೆ ಎರಡೂ ಒಂದೇ ಥರ ಇರುತ್ತವೆ. SUM ಹಾಕಿ ಒಂದು ಸಾಲನ್ನೆಲ್ಲ ಕೂಡಿಸಿದರೆ ಬರಹವಾಗಿ ಕೂತದ್ದನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. B4+C4 ಅಂತ ಪ್ಲಸ್ ಹಾಕಿದರೆ ಅದನ್ನೇ ಅಂಕಿ ಮಾಡಿಕೊಂಡು ಕೂಡಿಸುತ್ತದೆ. ಅಡ್ಡಕ್ಕೆ ಪ್ಲಸ್, ಉದ್ದಕ್ಕೆ SUM ಹಾಕಿದ್ದರೆ ಹೀಗೇ ಆಗುತ್ತದೆ.

ಪಿಡಿಎಫ್‌ನಲ್ಲಿ ಇದು ಗೊತ್ತಾಗುವುದಿಲ್ಲ. ಖಜಾಂಚಿಯವರ ಹತ್ತಿರ ಮೂಲ ಫೈಲ್ ಕೇಳಿ. ಯಾವುದಾದರೂ ಖಾಲಿ ಜಾಗದಲ್ಲಿ ಇವೆರಡು ಹಾಕಿ ನೋಡಿ:

```
=COUNTA(C2:C5)
=COUNT(C2:C5)
```

ಮೊದಲನೆಯದು ತುಂಬಿದ ಮನೆಗಳನ್ನು ಎಣಿಸುತ್ತದೆ, ಎರಡನೆಯದು ಅಂಕಿ ಇರುವ ಮನೆಗಳನ್ನು ಮಾತ್ರ. ಒಂದು 4, ಇನ್ನೊಂದು 3 ಬಂದರೆ ಕಳ್ಳ ಸಿಕ್ಕ.

---

ಕುಂದಾ ಪ್ರಿಯ

ಹೌದು, ಇದು ಆಗುತ್ತದೆ. ವಾಟ್ಸಾಪ್‌ನಿಂದ ಕಾಪಿ ಮಾಡಿ ಅಂಟಿಸಿದಾಗ ಜಾಸ್ತಿ. ಸರಿಪಡಿಸೋದು ಸುಲಭ, ಆ ಮನೆಯ ಫಾರ್ಮ್ಯಾಟನ್ನು Number ಅಂತ ಬದಲಾಯಿಸಿದರೆ ಮುಗಿಯಿತು.

---

ಇಳಕಲ್ ಸೆರಗು

ಅಣ್ಣಾ, ಬರೀ ಫಾರ್ಮ್ಯಾಟ್ ಬದಲಾಯಿಸಿದರೆ ಒಳಗಿನದು ಬರಹವಾಗಿಯೇ ಉಳಿಯುತ್ತದೆ. ಅಂಕಿಯನ್ನು ಮತ್ತೆ ಟೈಪ್ ಮಾಡಬೇಕು. ಇಲ್ಲವೇ ಮೂಲೆಯಲ್ಲಿ ಹಸಿರು ತ್ರಿಕೋನ ಕಂಡರೆ ಅದನ್ನು ಒತ್ತಿ Convert to Number ಕೊಡಬೇಕು. ಆಮೇಲೆ COUNT ಮತ್ತೆ ನೋಡಿ, 4 ಆದರೆ ಸರಿ.

---

ಹಳೇ ಕೀರ್ದಿ

ಭಲೇ ತಂಗಿ. ಈ ಎಕ್ಸೆಲ್ ಒಳಗಿನ ಸಂಗತಿ ನನಗೆ ಇಷ್ಟು ಗೊತ್ತಿರಲಿಲ್ಲ. ನಾವು ಅಡ್ಡ-ಉದ್ದ ಕೂಡಿಸಿ "ತಾಳೆ ಇಲ್ಲ" ಅಂತ ಬರೆದು ವಾಪಸ್ ಕಳಿಸುತ್ತಿದ್ದೆವು. ಕಾರಣ ಹುಡುಕುವುದು ಅವರ ಪಾಡು.

ಗುಮ್ಮಟದ ತಂಗಿ, ಈಗ ಖರ್ಚಿನ ಪುಟ. ಅಲ್ಲಿ ಬೇರೀಜಿನ ಜೊತೆಗೆ "ಮುಂದಿನ ಪುಟಕ್ಕೆ", "ಹಿಂದಿನ ಪುಟದಿಂದ" ಅಂತ ಇರುವ ಎರಡು ಅಂಕಿ ನೋಡು. ಎರಡೂ ಒಂದೇ ಇರಬೇಕು. ಬಹಳ ಜನ ಇದನ್ನು ಕೈಯಿಂದ ಟೈಪ್ ಮಾಡುತ್ತಾರೆ.

---

ಗುಮ್ಮಟದ ನೆರಳು

ಎರಡನೇ ಪುಟ: ಕಾವಲುಗಾರರ ಸಂಬಳ 96,000, ಬೀದಿ ದೀಪದ ಕರೆಂಟ್ 21,840, ಬೋರ್‌ವೆಲ್ ಮೋಟರ್ ರಿಪೇರಿ 18,650, ನೀರಿನ ಟ್ಯಾಂಕರ್ 32,400. ಮುಂದಿನ ಪುಟಕ್ಕೆ 1,68,890. ನನ್ನ ಲೆಕ್ಕಕ್ಕೂ ಅಷ್ಟೇ.

ಮೂರನೇ ಪುಟ: ಹಿಂದಿನ ಪುಟದಿಂದ 1,68,980 ಅಂತ ಇದೆ! ಚರಂಡಿ ಸ್ವಚ್ಛತೆ 14,200, ಗಣೇಶೋತ್ಸವ 27,500, ಸ್ಟೇಷನರಿ ಮತ್ತು ಬ್ಯಾಂಕ್ ಚಾರ್ಜ್ 2,310. ಒಟ್ಟು 2,12,990.

ಈ ಪುಟವನ್ನು ಮಾತ್ರ ಕೂಡಿಸಿದರೆ ಸರಿಯಾಗೇ ಇದೆ. ಹಿಂದಿನ ಪುಟ ತಿರುಗಿಸದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ನಿಜವಾದ ಖರ್ಚು 2,12,900, ಅಲ್ವಾ?

---

ಹಳೇ ಕೀರ್ದಿ

ಹೌದು. 890 ಹೋಗಿ 980 ಆಗಿದೆ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ನಿಶ್ಶೇಷವಾಗಿ ಭಾಗ ಹೋಗುತ್ತದೆ. ಇಲ್ಲಿ 90. ಒಂದು ಸೊನ್ನೆ ಹೆಚ್ಚು ಕಡಿಮೆ ಬಿದ್ದರೂ 9ರಿಂದ ಭಾಗ ಹೋಗುತ್ತದೆ. 450 ಇದ್ದದ್ದು 4,500 ಆದರೆ ವ್ಯತ್ಯಾಸ 4,050.

ಇನ್ನೊಂದು ಬಗೆ ಇದೆ. ಖರ್ಚನ್ನು ಜಮಾ ಕಡೆ ಬರೆದುಬಿಟ್ಟರೆ ಅಖೇರಿ ಶಿಲ್ಕಿನಲ್ಲಿ ಆ ಮೊತ್ತದ ಎರಡರಷ್ಟು ವ್ಯತ್ಯಾಸ ಬರುತ್ತದೆ. ಹಾಗಾಗಿ ವ್ಯತ್ಯಾಸದ ಅರ್ಧವನ್ನೂ ಪಟ್ಟಿಯಲ್ಲಿ ಹುಡುಕು.

---

ಕುಂದಾ ಪ್ರಿಯ

ಈ 9ರ ಉಪಾಯ ಚೆನ್ನಾಗಿದೆ. ಆದರೆ ಒಂದು ಸಂಶಯ. ಮೇಡಂ ಸರಿಪಡಿಸಿದ ಲೆಕ್ಕದ ಪ್ರಕಾರ ಅಖೇರಿ ಶಿಲ್ಕು 48,260 + 2,34,000 − 2,12,900 = 69,360. ಅಚ್ಚಾದದ್ದು 39,270. ವ್ಯತ್ಯಾಸ 30,090. ಇದು 9ರಿಂದ ಭಾಗ ಹೋಗುವುದಿಲ್ಲ. ಅಂದರೆ ಅದಲುಬದಲು ಆಗಿಲ್ಲ ಅಂತ ಆಗಲ್ವಾ? ಆದರೆ ಆಗಿದೆಯಲ್ಲ!

---

ಹಳೇ ಕೀರ್ದಿ

ಒಳ್ಳೆ ಕಡೆ ಹಿಡಿದಿರಿ. ಆ ಉಪಾಯ ಒಂದೇ ತಪ್ಪು ಇದ್ದಾಗ ಮಾತ್ರ ನಡೆಯುತ್ತದೆ. ಇಲ್ಲಿ ಎರಡು ತಪ್ಪು ಸೇರಿವೆ, 30,000 ಮತ್ತು 90. ಕೊನೆಯ ಮೊತ್ತದಿಂದ ಹುಡುಕಲು ಹೊರಟಿದ್ದರೆ 30,090 ಅನ್ನುವ ಅಂಕಿ ಎಲ್ಲೂ ಸಿಗುತ್ತಿರಲಿಲ್ಲ. ಅದಕ್ಕೇ ಪುಟಪುಟವಾಗಿ, ಭಾಗಭಾಗವಾಗಿ ತಾಳೆ ನೋಡಬೇಕು.

9ರಿಂದ ಭಾಗ ಹೋಯಿತು ಅಂದಮಾತ್ರಕ್ಕೆ ಅದಲುಬದಲೇ ಆಗಿದೆ ಅಂತಲೂ ಅಲ್ಲ. ಒಂದು 900ರ ಬಿಲ್ಲು ಬಿಟ್ಟುಹೋಗಿದ್ದರೂ ಭಾಗ ಹೋಗುತ್ತದೆ. ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ಅದು ಸುಳಿವು, ಅಷ್ಟೇ.

---

ಗುಮ್ಮಟದ ನೆರಳು

ಇಲ್ಲಿಯವರೆಗಿನದನ್ನು ಹೀಗೆ ಬರೆದುಕೊಂಡಿದ್ದೇನೆ. ಅವಧಿ ಮತ್ತು ರೂಪಾಯಿ. ಹೋದ ವರ್ಷದ ಅಖೇರಿ, ಈ ವರ್ಷದ ಆರಂಭ. ಬೇರೀಜು ಮುಚ್ಚಿ ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಪುಟದಿಂದ ಪುಟಕ್ಕೆ ಹೋದ ಅಂಕಿ. ವ್ಯತ್ಯಾಸ ಬಂದರೆ ಅದೇ ಅಂಕಿ, ಅದರ ಅರ್ಧ, ಆಮೇಲೆ 9. ಇನ್ನೇನು ಬಿಟ್ಟಿದ್ದೇನೆ ಸರ್?

---

ಹಳೇ ಕೀರ್ದಿ

ಎರಡು ಬಿಟ್ಟಿದ್ದೀ. ಒಂದು, ಒಂದೇ ಅಂಕಿ ಎರಡು ಕಡೆ ಇದ್ದರೆ ಎರಡೂ ಒಂದೇ ಇವೆಯಾ ಅಂತ ನೋಡಬೇಕು. ಅಧ್ಯಕ್ಷರ ಭಾಷಣದಲ್ಲಿ, ನೋಟಿಸಿನಲ್ಲಿ, ಪಟ್ಟಿಯಲ್ಲಿ. ಪಟ್ಟಿ ತಿದ್ದುತ್ತಾರೆ, ನೋಟಿಸು ಹಳೆಯದೇ ಇರುತ್ತದೆ.

ಎರಡನೆಯದು ದೊಡ್ಡದು. ಇಲ್ಲಿಯವರೆಗೆ ನೋಡಿದ್ದೆಲ್ಲ ಹಾಳೆಯ ಒಳಗಿನದು. ಹಾಳೆಯ ಹೊರಗಿನ ಒಂದು ಸಾಕ್ಷಿ ಬೇಕು. ಅದೇ ಪಾಸ್‌ಬುಕ್. ಮಾರ್ಚ್ 31ರ ಬ್ಯಾಂಕ್ ಶಿಲ್ಕು, ಅದೇ ದಿನದ ಕೈಯಲ್ಲಿದ್ದ ನಗದು. ಎರಡೂ ಸೇರಿ ಅಖೇರಿ ಶಿಲ್ಕು ಆಗಬೇಕು. ನಿಮ್ಮ ಪಟ್ಟಿಯಲ್ಲಿ ಇವೆರಡನ್ನೂ ಬಿಡಿಸಿ ಬರೆದೇ ಇಲ್ಲ. ಬರೆದಿದ್ದರೆ ಖಜಾಂಚಿಗೇ 30,000 ಎದ್ದು ಕಾಣುತ್ತಿತ್ತು.

---

ಗುಮ್ಮಟದ ನೆರಳು

ಖಜಾಂಚಿಯವರ ಮನೆಗೇ ಹೋಗಿ ಬಂದೆ. ಮೂಲ ಫೈಲ್ ತೆರೆದು ತೋರಿಸಿದರು. COUNTA 4, COUNT 3. ಇಳಕಲ್ ಅಕ್ಕ ಹೇಳಿದ ಹಾಗೆ C4 ಮನೆಯೇ. ಅವರೂ ನಕ್ಕು, ಅಲ್ಲೇ ಕೂತು ಸರಿಪಡಿಸಿದರು.

ಆದರೆ ಪಾಸ್‌ಬುಕ್ ತಾಳೆ ಆಗುತ್ತಿಲ್ಲ. ಬ್ಯಾಂಕಿನಲ್ಲಿ 70,360, ನಗದು 3,200. ಒಟ್ಟು 73,560. ನಮ್ಮ ಲೆಕ್ಕ 69,360. ಈಗ 4,200 ಜಾಸ್ತಿ ಇದೆ!

---

ಇಳಕಲ್ ಸೆರಗು

ಮಾರ್ಚ್ ಕೊನೆಗೆ ಯಾರಿಗಾದರೂ ಚೆಕ್ ಕೊಟ್ಟಿದ್ದರಾ? ಚೆಕ್ ಬರೆದ ದಿನ ಖರ್ಚು ಬರೆದಿರುತ್ತಾರೆ. ಬ್ಯಾಂಕಿನಿಂದ ಹಣ ಹೋಗುವುದು ಅವರು ಚೆಕ್ ಹಾಕಿದ ಮೇಲೆ. ಪಾಸ್‌ಬುಕ್‌ನ ಏಪ್ರಿಲ್ ಪುಟ ನೋಡಿ.

---

ಗುಮ್ಮಟದ ನೆರಳು

ಸಿಕ್ಕಿತು. ಚರಂಡಿ ಸ್ವಚ್ಛತೆಯ ಕೊನೆಯ ಕಂತು 4,200. ಚೆಕ್ ಮಾರ್ಚ್‌ನಲ್ಲಿ ಬರೆದದ್ದು, ಏಪ್ರಿಲ್‌ನಲ್ಲಿ ಪಾಸಾಗಿದೆ. 73,560ರಲ್ಲಿ 4,200 ಕಳೆದರೆ 69,360. ಸರಿಯಾಗಿ ಕೂತಿತು.

---

ಕುಂದಾ ಪ್ರಿಯ

ಹಾಗಿದ್ದರೆ ಎಲ್ಲ ಸರಿ. ಸಹಿ ಮಾಡಿಬಿಡಿ ಮೇಡಂ.

---

ಕಬ್ಬಿನ ಗದ್ದೆ

ತಡೀರಿ. ಗಣೇಶೋತ್ಸವಕ್ಕೆ 27,500 ಖರ್ಚು ಅಂತ ಇದೆ. ನಮ್ಮೂರಲ್ಲಿ ಗಣಪತಿಗೆ ಮನೆಮನೆಗೆ ಹೋಗಿ ಬೇರೆ ಪಟ್ಟಿ ಎತ್ತುತ್ತಾರೆ. ನಿಮ್ಮಲ್ಲಿ ಎತ್ತಿಲ್ಲವಾ? ಜಮಾ ಕಡೆ ಬರೀ ವಂತಿಗೆ ಕಾಣುತ್ತಿದೆ.

---

ಹಳೇ ಕೀರ್ದಿ

ನೋಡಿ, ರೈತರು ಕೇಳಿದ್ದು ಸರಿಯಾದ ಪ್ರಶ್ನೆ. ಪಟ್ಟಿಗೆ ಬರದೇ ಇದ್ದ ಹಣವನ್ನು ಯಾವ ಬೇರೀಜೂ ಹಿಡಿಯುವುದಿಲ್ಲ. ಬ್ಯಾಂಕಿಗೂ ಹೋಗದೆ, ಪುಸ್ತಕಕ್ಕೂ ಬರದೆ, ಕೈಯಿಂದ ಕೈಗೆ ಖರ್ಚಾಗಿದ್ದರೆ ಎಲ್ಲ ತಾಳೆ ಆಗಿಯೇ ಇರುತ್ತದೆ. ಅದಕ್ಕೆ ರಸೀದಿ ಪುಸ್ತಕ ಬೇಕು. ರಸೀದಿ ನಂಬರು ಸಾಲಾಗಿ ಇವೆಯಾ, ನಡುವೆ ಯಾವುದಾದರೂ ಹಾಳೆ ಇಲ್ಲವಾ ಅಂತ ನೋಡಬೇಕು.

---

ಗುಮ್ಮಟದ ನೆರಳು

ಗಣಪತಿಗೆ ಬೇರೆ ಎತ್ತಿದ್ದು ನಿಜ. ನಾನೂ ಕೊಟ್ಟಿದ್ದೇನೆ. ಅದು ಯುವಕರ ಗುಂಪಿನ ಲೆಕ್ಕ, ಸಂಘದ್ದಲ್ಲ ಅಂತಾರೆ. ಹಾಗಿದ್ದರೆ ಸಂಘದಿಂದ 27,500 ಯಾಕೆ ಹೋಯಿತು ಅಂತ ಕೇಳಿದರೆ, ಸಂಘದ ಪಾಲು ಅಂತಾರೆ.

---

ಕುಂದಾ ಪ್ರಿಯ

ಅದನ್ನು ಎಳೆಯಬೇಡಿ ಮೇಡಂ. ಹಬ್ಬದ ಲೆಕ್ಕ ಕೇಳಿದರೆ ಬಡಾವಣೆಯಲ್ಲಿ ಮನಸ್ತಾಪ ಆಗುತ್ತದೆ. ನಿಮ್ಮ ಕೆಲಸ ಬೇರೀಜು ನೋಡೋದು.

---

ಇಳಕಲ್ ಸೆರಗು

ನಾನು ಒಪ್ಪುವುದಿಲ್ಲ. ಜಗಳ ಮಾಡಬೇಕಿಲ್ಲ. "ಸಂಘದ ಪಾಲು, ಇಂಥ ದಿನದ ಸಭೆಯ ಠರಾವಿನಂತೆ" ಅಂತ ಒಂದು ಸಾಲು ಸೇರಿಸಲಿ. ಠರಾವೇ ಇಲ್ಲದಿದ್ದರೆ ಅದನ್ನೂ ಬರೆಯಲಿ.

---

ಹಳೇ ಕೀರ್ದಿ

ಇದರಲ್ಲಿ ಇಬ್ಬರದೂ ಸ್ವಲ್ಪ ಸರಿ. ತಂಗಿ, ನೀನು ಸಹಿ ಮಾಡುವ ಜಾಗದ ಮೇಲೆ ಏನನ್ನು ನೋಡಿದ್ದೀ ಅಂತ ಬರೆ. "ಬೇರೀಜು, ಪುಟದಿಂದ ಪುಟಕ್ಕೆ ತಂದ ಮೊತ್ತ, ಪಾಸ್‌ಬುಕ್ ತಾಳೆ ನೋಡಲಾಗಿದೆ. ವೋಚರ್ ಮತ್ತು ರಸೀದಿ ಪುಸ್ತಕ ನೋಡಿಲ್ಲ." ನೋಡದೇ ಇದ್ದದ್ದಕ್ಕೆ ನಿನ್ನ ಸಹಿ ಬೇಡ. ಹಳೆಯ ಅಂಕಿಯ ಪಿಡಿಎಫ್ ಎಷ್ಟು ಜನಕ್ಕೆ ಹೋಗಿದೆ? ತಿದ್ದಿದ್ದರ ಮೇಲೆ "ಪರಿಷ್ಕೃತ" ಅಂತ ಬರೆದು ದಿನಾಂಕ ಹಾಕಿಸು. ಇಲ್ಲದಿದ್ದರೆ ಸಭೆಯಲ್ಲಿ ಅರ್ಧ ಜನ 39,270 ಹಿಡಿದು ಕೂತಿರುತ್ತಾರೆ.

ಮತ್ತೆ ಆ ಆರಂಭಿಕ ಶಿಲ್ಕಿನ 500 ಏನಾಯಿತು?

---

ಗುಮ್ಮಟದ ನೆರಳು

ಪಿಡಿಎಫ್ ಬಡಾವಣೆಯ ಗುಂಪಿಗೆ ಆಗಲೇ ಹೋಗಿದೆ ಸರ್. ಪರಿಷ್ಕೃತ ಅಂತ ಹಾಕಿಸುತ್ತೇನೆ.

500 ಇನ್ನೂ ಸಿಕ್ಕಿಲ್ಲ. ಈ ವರ್ಷದ ಪಾಸ್‌ಬುಕ್ 48,260 ಇಟ್ಟುಕೊಂಡರೆ ತಾಳೆ ಆಗುತ್ತದೆ. ಹಾಗಾಗಿ ತಪ್ಪು ಹೋದ ವರ್ಷದ ಪುಸ್ತಿಕೆಯಲ್ಲೇ ಇರಬೇಕು ಅಂತ ಈಗಿನ ಖಜಾಂಚಿ ಹೇಳುತ್ತಾರೆ. ಹಿಂದಿನವರು ಮಗನ ಮನೆಗೆ ಅಂತ ಪುಣೆಗೆ ಹೋಗಿದ್ದಾರೆ, ಫೋನ್ ಎತ್ತುತ್ತಿಲ್ಲ.

---

ಹಳೇ ಕೀರ್ದಿ

ಹೋದ ವರ್ಷದ ಮಾರ್ಚ್ 31ರ ಪಾಸ್‌ಬುಕ್ ಪುಟ ಮತ್ತು ಆ ದಿನದ ನಗದು ಕೀರ್ದಿ ತರಿಸು. ಬ್ಯಾಂಕಿನ ಅಂಕಿ ಸರಿ ಇದ್ದರೆ 500 ನಗದಿನಲ್ಲಿದೆ. ಸಭೆಯೊಳಗೆ ಸಿಗದಿದ್ದರೆ ಅದನ್ನು ಯಾವುದೋ ಖರ್ಚಿನ ತಲೆಗೆ ಕಟ್ಟಲು ಬಿಡಬೇಡ. "ಆರಂಭಿಕ ಶಿಲ್ಕಿನಲ್ಲಿ 500 ವ್ಯತ್ಯಾಸ, ವಿವರಣೆ ಬಾಕಿ" ಅಂತ ಪಟ್ಟಿಯ ಕೆಳಗೆ ಹಾಗೇ ಇರಲಿ.